ಸರ್ ಮೀಟಿಂಗ್‌ನಲ್ಲಿದ್ದಾರೆ: ಗಿಫ್ಟ್ ಕಾರ್ಡ್ ಮೋಸದ ಒಂದು ಪ್ರಕರಣ

ಇದು ಎಂಟು ಜನ ಕೆಲಸ ಮಾಡುವ ಒಂದು ಸಣ್ಣ ಆಫೀಸಿನಲ್ಲಿ ನಡೆದದ್ದು. ಅಲ್ಲಿನ ಕಂಪ್ಯೂಟರ್, ಇಮೇಲ್ ಎಲ್ಲ ಹೊರಗಿನಿಂದ ನೋಡಿಕೊಳ್ಳುವವನು ನಾನು. ಆಫೀಸಿನವರ ಒಪ್ಪಿಗೆ ತೆಗೆದುಕೊಂಡು ಬರೆಯುತ್ತಿದ್ದೇನೆ. ಯಾರ ಗುರುತೂ ಸಿಗಬಾರದು ಎಂದು ಕೆಲವು ವಿವರ ಬದಲಿಸಿದ್ದೇನೆ. ಹಣ ಕಳೆದುಕೊಂಡವರನ್ನು ಇಲ್ಲಿ ಸಹಾಯಕಿ ಎಂದೇ ಕರೆಯುತ್ತೇನೆ. ಉಳಿದವರು ಬಾಸ್ ಮತ್ತು ಲೆಕ್ಕ ನೋಡುವವರು. ಮೆಸೇಜ್‌ಗಳ ಮಾತು ಇದ್ದಂತೆಯೇ ಇಲ್ಲ, ತಿರುಳು ಮಾತ್ರ ಇದೆ.

ಆಫೀಸು ಹೇಗಿತ್ತು

ಸಹಾಯಕಿ ಕೆಲಸಕ್ಕೆ ಸೇರಿ ಆಗ ಎರಡು ತಿಂಗಳಾಗಿತ್ತು. ಫೋನ್ ಎತ್ತುವುದು, ಬಂದವರನ್ನು ಮಾತಾಡಿಸುವುದು, ಆಫೀಸಿಗೆ ಬೇಕಾದ ಸಾಮಾನು ತರಿಸುವುದು ಅವರ ಕೆಲಸ. ಹೇಳಿದ ಕೆಲಸವನ್ನು ಆ ಕ್ಷಣವೇ ಮಾಡುತ್ತಾರೆ ಎಂದು ಎಲ್ಲರಿಗೂ ಅವರು ಇಷ್ಟ. ಸೇರಿದ ಎರಡನೇ ವಾರವೇ ಅವರ ಹೆಸರು, ಹುದ್ದೆ, ಇಮೇಲ್ ವಿಳಾಸ ಆಫೀಸಿನ ವೆಬ್‌ಸೈಟ್‌ನ 'ನಮ್ಮ ತಂಡ' ಪುಟಕ್ಕೆ ಸೇರಿತ್ತು. ಅದೇ ಪುಟದ ಮೇಲ್ಭಾಗದಲ್ಲಿ ಬಾಸ್ ಫೋಟೋ, ಹೆಸರು ಇತ್ತು.

ಬಾಸ್ ಮಾತು ಕಡಿಮೆ. ಮೆಸೇಜ್ ಇನ್ನೂ ಕಡಿಮೆ. 'ಆ ಫೈಲ್ ಕಳಿಸಿ', 'ನಾಳೆ 10ಕ್ಕೆ', ಅಷ್ಟೇ. ಮೀಟಿಂಗ್‌ನಲ್ಲಿದ್ದಾಗ ಯಾರಾದರೂ ಫೋನ್ ಮಾಡಿದರೆ ಅವರಿಗೆ ಸಿಟ್ಟು ಬರುತ್ತದೆ ಎಂದು ಇಡೀ ಆಫೀಸಿಗೆ ಗೊತ್ತು. ಹೊಸಬರಿಗೆ ಮೊದಲ ದಿನವೇ ಇದನ್ನು ಹೇಳುತ್ತಿದ್ದರು.

ಇದರಲ್ಲಿ ನನ್ನ ಪಾಲೂ ಇದೆ. ಘಟನೆಗೆ ಆರು ತಿಂಗಳ ಹಿಂದೆ ಆ ಆಫೀಸಿನ ಇಮೇಲ್‌ಗೆ ನಾನು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಹಾಕಿಕೊಟ್ಟಿದ್ದೆ. ಆಫೀಸಿನ ಡೊಮೇನ್, ಅಂದರೆ ಇಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು, ಬಳಸಿ ಬೇರೆ ಯಾರೋ ಮೇಲ್ ಕಳಿಸಿದರೆ ಅದನ್ನು ಹಿಡಿಯುವ ವ್ಯವಸ್ಥೆ ಇದು. ಕೆಲಸ ಮುಗಿಸಿ ಹೊರಡುವಾಗ, 'ಇನ್ನು ನಿಮ್ಮ ಹೆಸರಿನಲ್ಲಿ ಯಾರೂ ಮೇಲ್ ಕಳಿಸಲು ಆಗುವುದಿಲ್ಲ' ಎಂದು ಹೇಳಿದ್ದೆ. ಆ ಮಾತು ತಪ್ಪು. ಹೇಗೆ ತಪ್ಪು ಎಂದು ಮುಂದೆ ಬರುತ್ತದೆ. ಆದರೆ ಆಫೀಸಿನವರು ಅದನ್ನು ನಂಬಿದರು, ಹೊಸದಾಗಿ ಬಂದವರಿಗೂ ಹೇಳಿದರು.

ಆ ಒಂದೂವರೆ ಗಂಟೆ

ಬೆಳಿಗ್ಗೆ 11:10ಕ್ಕೆ ಸಹಾಯಕಿಗೆ ಬಾಸ್ ಹೆಸರಿನಲ್ಲಿ ಒಂದು ಮೇಲ್ ಬಂತು. ಒಂದೇ ಸಾಲು: 'ಆಫೀಸಿನಲ್ಲಿದ್ದೀರಾ?' ಅವರು ಅದನ್ನು ಫೋನ್‌ನಲ್ಲಿ ನೋಡಿದರು. ಎರಡೇ ನಿಮಿಷದಲ್ಲಿ 'ಇದ್ದೇನೆ ಸರ್' ಎಂದು ಉತ್ತರ ಹೋಯಿತು.

ಈ ಮೊದಲ ಮೇಲ್‌ನಲ್ಲಿ ಏನೂ ಇರಲಿಲ್ಲ. ಲಿಂಕ್ ಇಲ್ಲ, ಅಟ್ಯಾಚ್‌ಮೆಂಟ್ ಇಲ್ಲ, ಹಣದ ಮಾತಿಲ್ಲ. ಅದಕ್ಕೇ ಸ್ಪ್ಯಾಮ್ ಫಿಲ್ಟರ್ ಅದನ್ನು ಬಿಟ್ಟುಬಿಟ್ಟಿತು. ತಡೆಯಲು ಅದರಲ್ಲಿ ಏನಿತ್ತು? ಈ ಮೋಸಗಾರರು ಇಂಥ ಒಂದು ಸಾಲನ್ನು ಒಂದೇ ಸಲ ಎಷ್ಟೋ ಜನರಿಗೆ ಕಳಿಸುತ್ತಾರೆ. ಉತ್ತರ ಕೊಟ್ಟವರ ಮೇಲೆ ಮಾತ್ರ ಸಮಯ ಖರ್ಚು ಮಾಡುತ್ತಾರೆ. ಉತ್ತರ ಬಂದರೆ ಮೂರು ವಿಷಯ ಒಟ್ಟಿಗೆ ಖಾತ್ರಿಯಾಗುತ್ತವೆ. ವಿಳಾಸ ಸರಿ ಇದೆ, ಈ ವ್ಯಕ್ತಿ ಈಗ ಫೋನ್ ಹಿಡಿದು ಕೂತಿದ್ದಾರೆ, ಹೆಸರನ್ನು ನಂಬಿದ್ದಾರೆ. ಸಾಲು ಚಿಕ್ಕದಾಗಿದ್ದರೆ ಬರೆದವರ ಶೈಲಿಯೂ ಗೊತ್ತಾಗುವುದಿಲ್ಲ. ನಮ್ಮ ಬಾಸ್ ಬರೆಯುತ್ತಿದ್ದದ್ದೂ ಹಾಗೆಯೇ ಅಲ್ವಾ, ಸಹಾಯಕಿಗೆ ಅದು ಅವರದ್ದೇ ಮಾತಿನಂತೆ ಕಂಡಿತು.

11:15ಕ್ಕೆ ಎರಡನೇ ಮೇಲ್. 'ದೊಡ್ಡ ಮೀಟಿಂಗ್‌ನಲ್ಲಿದ್ದೇನೆ, ಫೋನ್ ತೆಗೆಯಲು ಆಗುವುದಿಲ್ಲ. ಒಂದು ಅರ್ಜೆಂಟ್ ಕೆಲಸ ಇದೆ. ನಿಮ್ಮ ಮೊಬೈಲ್ ನಂಬರ್ ಕಳಿಸಿ.' ಆ ಹೊತ್ತಿಗೆ ಬಾಸ್ ನಿಜವಾಗಿಯೂ ಮೀಟಿಂಗ್‌ಗೆ ಹೊರಗೆ ಹೋಗಿದ್ದರು. ಇದು ಕಾಕತಾಳೀಯ. ಅವರ ಕ್ಯಾಲೆಂಡರ್ ಹ್ಯಾಕ್ ಆಗಿದೆಯೇನೋ ಎಂದು ನಾವು ಆಮೇಲೆ ಹುಡುಕಿದೆವು, ಅಂಥದ್ದೇನೂ ಸಿಗಲಿಲ್ಲ. ಕೆಲಸದ ದಿನ ಬೆಳಿಗ್ಗೆ 11 ಗಂಟೆಗೆ ಬಾಸ್ ಆದವರು ಎಲ್ಲೋ ಒಂದು ಮೀಟಿಂಗ್‌ನಲ್ಲಿ ಇರುತ್ತಾರೆ ಎಂದು ಊಹಿಸಲು ಹ್ಯಾಕ್ ಮಾಡಬೇಕಿಲ್ಲ.

ಸಹಾಯಕಿ ನಂಬರ್ ಕೊಟ್ಟರು. 'ನನ್ನ ನಂಬರ್ ಸರ್ ಹತ್ತಿರ ಇದೆಯಲ್ಲ, ಮತ್ತೆ ಯಾಕೆ ಕೇಳುತ್ತಿದ್ದಾರೆ ಅಂತ ಒಂದು ಕ್ಷಣ ಅನ್ನಿಸಿತು' ಎಂದು ಆಮೇಲೆ ನನಗೆ ಹೇಳಿದರು. 'ಹೊಸಬಳಲ್ವಾ, ಸೇವ್ ಮಾಡಿಕೊಂಡಿರಲಿಕ್ಕಿಲ್ಲ ಅಂದುಕೊಂಡೆ.' ಮಾತು ಇಮೇಲ್‌ನಿಂದ ವಾಟ್ಸಾಪ್‌ಗೆ ದಾಟಿದ್ದು ಇಲ್ಲಿ. ಒಮ್ಮೆ ದಾಟಿದ ಮೇಲೆ ಆಫೀಸಿನ ಯಾವ ಫಿಲ್ಟರ್ ಕಣ್ಣಿಗೂ ಅದು ಬೀಳುವುದಿಲ್ಲ. ಫೋಟೋ ಕಳಿಸುವುದೂ ಅಲ್ಲಿ ಸುಲಭ.

11:21ಕ್ಕೆ ಗೊತ್ತಿಲ್ಲದ ನಂಬರ್‌ನಿಂದ ವಾಟ್ಸಾಪ್ ಬಂತು. ಡಿಪಿಯಲ್ಲಿ ಬಾಸ್ ಫೋಟೋ, ವೆಬ್‌ಸೈಟ್‌ನಲ್ಲಿದ್ದ ಅದೇ ಫೋಟೋ. ಕೆಲವು ಗ್ರಾಹಕರಿಗೆ ಇವತ್ತೇ ಉಡುಗೊರೆ ಕೊಡಬೇಕು, ಐದು ಗಿಫ್ಟ್ ಕಾರ್ಡ್ ಬೇಕು, ಆಫೀಸಿನಲ್ಲಿ ಯಾರಿಗೂ ಹೇಳಬೇಡಿ, ಅವರಿಗೂ ಒಂದು ಸರ್‌ಪ್ರೈಸ್ ಇದೆ ಎಂದು ಬರೆದಿತ್ತು. ಯಾವ ಕಂಪನಿಯ ಕಾರ್ಡ್, ಒಂದೊಂದರಲ್ಲಿ ಎಷ್ಟು ಮೊತ್ತ ಎಂಬುದೂ ಇತ್ತು. ಐದೂ ಸೇರಿದರೆ ಅದು ಸಹಾಯಕಿಯ ಒಂದು ತಿಂಗಳ ಸಂಬಳಕ್ಕೆ ಹತ್ತಿರ.

ಅವರು ಕಣ್ಣುಮುಚ್ಚಿ ನಂಬಲಿಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಇಂಥ ಸುದ್ದಿ ಕೇಳಿದವರೆಲ್ಲ 'ಅಷ್ಟೂ ಗೊತ್ತಾಗಲಿಲ್ಲವಾ' ಎನ್ನುತ್ತಾರೆ. ಅವರು ಎರಡು ಪ್ರಶ್ನೆ ಕೇಳಿದ್ದರು. ಮೊದಲನೆಯದು, 'ಸರ್, ಇದು ನಿಮ್ಮ ಹೊಸ ನಂಬರಾ?' ಉತ್ತರ: 'ನನ್ನ ಫೋನ್ ಪ್ರೆಸೆಂಟೇಷನ್‌ಗೆ ಕನೆಕ್ಟ್ ಆಗಿದೆ, ಇದು ಇನ್ನೊಂದು ಫೋನ್.' ಎರಡನೆಯದು, 'ಆಫೀಸ್ ಕ್ಯಾಶ್‌ನಲ್ಲಿ ಅಷ್ಟು ಹಣ ಇಲ್ಲ ಸರ್, ಏನು ಮಾಡಲಿ?' ಉತ್ತರ: 'ಸದ್ಯಕ್ಕೆ ನಿಮ್ಮ ಕಾರ್ಡ್‌ನಲ್ಲಿ ಕೊಡಿ, ಸಂಜೆ ವಾಪಸ್ ಹಾಕಿಸುತ್ತೇನೆ. ರಸೀದಿ ಇಟ್ಟುಕೊಂಡಿರಿ.' ರಸೀದಿ ಇಟ್ಟುಕೊಳ್ಳಿ ಎಂದ ಮೇಲೆ ಅನುಮಾನ ಪೂರ್ತಿ ಕರಗಿತು ಎಂದರು. ಮೋಸ ಮಾಡುವವರು ರಸೀದಿ ಕೇಳುತ್ತಾರಾ ಎಂದು ಅವರ ಯೋಚನೆ.

ಎರಡೂ ಪ್ರಶ್ನೆ ಸರಿಯಾಗಿಯೇ ಇದ್ದವು. ಆದರೆ ಎರಡನ್ನೂ ಯಾರ ಮೇಲೆ ಅನುಮಾನ ಇತ್ತೋ ಅವರನ್ನೇ ಕೇಳಿದ್ದರು. ಅದೇ ಚಾಟ್‌ನಲ್ಲಿ ಕೇಳಿದ ಪ್ರಶ್ನೆಗೆ ಅದೇ ಮನುಷ್ಯ ಉತ್ತರ ಕೊಡುತ್ತಾನೆ. ಅವನ ಹತ್ತಿರ ಉತ್ತರ ಸಿದ್ಧ ಇರುತ್ತದೆ, ಈ ಪ್ರಶ್ನೆ ಅವನಿಗೆ ದಿನಾ ಬರುವಂಥದ್ದು. ಪ್ರತಿ ಉತ್ತರದಿಂದ ಸಹಾಯಕಿಗೆ 'ಕೇಳಿ ಖಾತ್ರಿ ಮಾಡಿಕೊಂಡೆ' ಎಂಬ ಸಮಾಧಾನ ಜಾಸ್ತಿಯಾಯಿತು. ಖಾತ್ರಿ ಮಾತ್ರ ಆಗಿರಲಿಲ್ಲ.

12:05ಕ್ಕೆ ಅವರು ಅಂಗಡಿಯಲ್ಲಿದ್ದರು. ಬಿಲ್ ಮಾಡುವವರು 'ಇಷ್ಟೊಂದು ಕಾರ್ಡ್ ಯಾರಿಗೆ ಮೇಡಂ?' ಎಂದು ಕೇಳಿದರು. 'ಆಫೀಸಿಗೆ, ಗ್ರಾಹಕರಿಗೆ ಕೊಡಲು' ಎಂದರು ಸಹಾಯಕಿ. ಅವರು ಹೇಳಿದ್ದು ಅವರ ಮಟ್ಟಿಗೆ ನಿಜ. ಬಿಲ್ ಮಾಡುವವರು ಕೇಳಿದ್ದು ಒಳ್ಳೆಯದೇ, ಆದರೆ ಆ ಪ್ರಶ್ನೆಗೆ ಮೋಸ ಹೋಗುತ್ತಿರುವವರ ಉತ್ತರವೂ ಹೋಗದಿರುವವರ ಉತ್ತರವೂ ಒಂದೇ ಆಗಿರುತ್ತದೆ. 'ಇದರ ಕೋಡ್‌ನ ಫೋಟೋ ಕಳಿಸಲು ಯಾರಾದರೂ ಹೇಳಿದ್ದಾರಾ?' ಎಂದು ಕೇಳಿದ್ದರೆ ಅಲ್ಲೇ ನಿಲ್ಲುತ್ತಿತ್ತೇನೋ. ಸಂಜೆ ಅವರನ್ನು ಭೇಟಿಯಾದಾಗ ಇದನ್ನು ಹೇಳಿದೆ. ಅವರು ಕೌಂಟರ್ ಪಕ್ಕದಲ್ಲಿ ಬರೆದಿಟ್ಟುಕೊಂಡರು.

ಕಾರ್ಡ್ ಕೊಂಡದ್ದನ್ನು ತಿಳಿಸಿದ ಕೂಡಲೇ ಮುಂದಿನ ಸೂಚನೆ ಬಂತು. 'ಹಿಂದೆ ಇರುವ ಬೂದು ಪಟ್ಟಿ ಕೆರೆಯಿರಿ, ಕೋಡ್ ಕಾಣುವಂತೆ ಒಂದೊಂದೇ ಫೋಟೋ ಕಳಿಸಿ. ಗ್ರಾಹಕರಿಗೆ ನಾನು ಇಲ್ಲಿಂದಲೇ ಮೇಲ್ ಮಾಡುತ್ತೇನೆ.' 12:20ರಿಂದ 12:26ರ ಒಳಗೆ ಮೂರು ಫೋಟೋ ಹೋದವು. ಮೂರನೆಯದು ಸ್ವಲ್ಪ ಅಲುಗಾಡಿತ್ತು. 'ಕೊನೆಯದು ಸರಿ ಕಾಣುತ್ತಿಲ್ಲ, ಮತ್ತೆ ಕಳಿಸಿ' ಎಂದು ಬಂತು. ಅದರ ಬೆನ್ನಿಗೇ ಇನ್ನೊಂದು: 'ಗ್ರಾಹಕರು ಜಾಸ್ತಿ ಆದರು, ಇನ್ನೂ ಐದು ಕಾರ್ಡ್ ತನ್ನಿ.'

ಮೊದಲ ಕೋಡ್ ಸಿಕ್ಕ ಮೇಲೆ ಬೇಡಿಕೆ ದೊಡ್ಡದಾಗುವುದು ಈ ಮೋಸದಲ್ಲಿ ಸಾಮಾನ್ಯ. ನಂಬಿಕೆ ಕುದುರಿದೆ ಎಂದು ಅವರಿಗೂ ಗೊತ್ತಾಗಿರುತ್ತದೆ. ಇಲ್ಲಿ ಆ ದುರಾಸೆಯೇ ಸಹಾಯಕಿಯನ್ನು ಉಳಿಸಿತು. ಇನ್ನೂ ಐದು ಕೊಳ್ಳಲು ಅವರ ಹತ್ತಿರ ಹಣ ಇರಲಿಲ್ಲ. ಆಫೀಸ್ ಕಾರ್ಡ್ ಬಳಸಬಹುದಾ ಎಂದು ಕೇಳಲು 12:30ಕ್ಕೆ ಲೆಕ್ಕ ನೋಡುವವರಿಗೆ ಫೋನ್ ಮಾಡಿದರು. ಗುಟ್ಟು ಎಂದಿದ್ದರಿಂದ ಹೆದರುತ್ತಲೇ ಕೇಳಿದರು. ಆ ಕಡೆಯಿಂದ ಉತ್ತರ ಬಂತು: 'ಸರ್ ಜೊತೆ ಈಗ ಹತ್ತು ನಿಮಿಷದ ಕೆಳಗೆ ಮಾತಾಡಿದೆನಲ್ಲ, ಕಾರ್ಡ್ ಬಗ್ಗೆ ಏನೂ ಹೇಳಲಿಲ್ಲವಲ್ಲ? ಇರಿ, ಕೇಳುತ್ತೇನೆ.'

ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ಪ್ರಶ್ನೆ ಮೊದಲ ಸಲ ಆ ಚಾಟ್‌ನ ಹೊರಗೆ ಬಂದದ್ದು ಆಗ. ಹೊರಗೆ ಬಂದ ಎರಡೇ ನಿಮಿಷದಲ್ಲಿ ಎಲ್ಲ ಬಯಲಾಯಿತು.

ಬಯಲಾದ ಮೇಲೆ

ಲೆಕ್ಕ ನೋಡುವವರು ನನಗೆ 12:35ಕ್ಕೆ ಫೋನ್ ಮಾಡಿದರು. ಅವರ ಮೊದಲ ಮಾತು: 'ನಮ್ಮ ಮೇಲ್ ಹ್ಯಾಕ್ ಆಗಿದೆ, ಎಲ್ಲರ ಪಾಸ್‌ವರ್ಡ್ ಬದಲಿಸಬೇಕು.' ಗಾಬರಿಯಲ್ಲಿ ಯಾರಿಗಾದರೂ ಮೊದಲು ಹೊಳೆಯುವುದು ಅದೇ. ಆದರೆ ಪಾಸ್‌ವರ್ಡ್ ಒಂದು ಗಂಟೆ ತಡವಾದರೂ ನಡೆಯುತ್ತಿತ್ತು. ಕಾರ್ಡ್‌ಗಳು ಕಾಯುವುದಿಲ್ಲ.

ಗಿಫ್ಟ್ ಕಾರ್ಡ್ ಒಂದು ರೀತಿಯಲ್ಲಿ ನಗದು ಇದ್ದಂತೆ. ಅದರ ಬೆಲೆ ಇರುವುದು ಪ್ಲಾಸ್ಟಿಕ್‌ನಲ್ಲಲ್ಲ, ಪಟ್ಟಿಯ ಕೆಳಗಿನ ಕೋಡ್‌ನಲ್ಲಿ. ಕೋಡ್ ಗೊತ್ತಿದ್ದವರು ಪ್ರಪಂಚದ ಯಾವ ಮೂಲೆಯಿಂದಲಾದರೂ ಅದನ್ನು ತಮ್ಮ ಖಾತೆಗೆ ಹಾಕಿಕೊಳ್ಳಬಹುದು, ಇಲ್ಲವೇ ಕಡಿಮೆ ಬೆಲೆಗೆ ಇನ್ನೊಬ್ಬರಿಗೆ ಮಾರಬಹುದು. ಬ್ಯಾಂಕ್‌ನಿಂದ ಬ್ಯಾಂಕ್‌ಗೆ ಹೋದ ಹಣಕ್ಕೆ ಖಾತೆದಾರನ ಹೆಸರಾದರೂ ಅಂಟಿಕೊಂಡಿರುತ್ತದೆ. ಕೋಡ್‌ಗೆ ಅದೂ ಇಲ್ಲ. ಮೋಸಗಾರರು ಗಿಫ್ಟ್ ಕಾರ್ಡನ್ನೇ ಕೇಳಲು ಕಾರಣ ಇದು. ಅಮೆರಿಕದ ಎಫ್‌ಬಿಐ 2018ರಲ್ಲೇ ಇಮೇಲ್ ಮೋಸದ ಈ ಗಿಫ್ಟ್ ಕಾರ್ಡ್ ರೂಪದ ಬಗ್ಗೆ ಪ್ರತ್ಯೇಕವಾಗಿ ಎಚ್ಚರಿಸಿತ್ತು. ಉಳಿದಿರುವ ದಾರಿ ಒಂದೇ. ಕೋಡ್ ಖರ್ಚಾಗುವ ಮುಂಚೆ ಕಾರ್ಡ್ ಹೊರಡಿಸಿದ ಕಂಪನಿಗೆ ತಿಳಿಸಿ ಅದನ್ನು ತಡೆಹಿಡಿಸಬೇಕು.

ನಾನು ಮೂರು ಪ್ರಶ್ನೆ ಕೇಳಿದೆ. ಕಾರ್ಡ್‌ಗಳು ಕೈಯಲ್ಲಿವೆಯಾ? ರಸೀದಿ ಇದೆಯಾ? ಎಷ್ಟು ಕೋಡ್ ಹೋಗಿದೆ? ಇವಕ್ಕೆ ಉತ್ತರ ಬೇಕಾದರೆ ಸಹಾಯಕಿ ಮಾತಾಡಬೇಕು. ಅವರು ಫೋನ್ ಎತ್ತುತ್ತಿರಲಿಲ್ಲ. ಅಂಗಡಿ ಹೊರಗೆ ಅಳುತ್ತಾ ಕೂತಿದ್ದರು. ಇಪ್ಪತ್ತು ನಿಮಿಷ ಹಾಗೇ ಹೋಯಿತು. ಆ ಇಪ್ಪತ್ತು ನಿಮಿಷಕ್ಕೆ ಅವರನ್ನು ನಾನು ದೂರುವುದಿಲ್ಲ. ಎರಡು ತಿಂಗಳ ಹಿಂದೆ ಸಿಕ್ಕ ಕೆಲಸ ಹೋಯಿತು ಎಂದು ಅವರು ನಂಬಿದ್ದರು.

ಕೊನೆಗೆ ಬಾಸ್ ಮೀಟಿಂಗ್‌ನಿಂದ ಎದ್ದು ಬಂದು ತಾವೇ ಮೆಸೇಜ್ ಹಾಕಿದರು. ಅವರ ಹಳೆಯ ನಂಬರ್‌ನಿಂದ, 'ನಿಮ್ಮದು ತಪ್ಪಲ್ಲ. ಕಾರ್ಡ್ ಎಸೆಯಬೇಡಿ. ಫೋನ್ ಎತ್ತಿ' ಎಂದು. ಆಮೇಲೆ ಕೆಲಸ ಬೇಗ ನಡೆಯಿತು. ಕಾರ್ಡ್ ಹಿಂದೆ ಅಚ್ಚಾಗಿದ್ದ ಸಹಾಯವಾಣಿಗೆ ಸಹಾಯಕಿಯೇ ಫೋನ್ ಮಾಡಿದರು. ನಂಬರನ್ನು ಇಂಟರ್ನೆಟ್‌ನಲ್ಲಿ ಹುಡುಕಬೇಡಿ ಎಂದು ನಾನು ಹೇಳಿದ್ದೆ, ಸಹಾಯವಾಣಿ ಹೆಸರಿನಲ್ಲಿ ಸುಳ್ಳು ನಂಬರ್ ಹಾಕಿ ಕಾಯುವವರು ಬೇರೆ ಇರುತ್ತಾರೆ. ಕಾರ್ಡ್‌ನ ಕ್ರಮಸಂಖ್ಯೆ, ಕೊಂಡ ಸಮಯ, ರಸೀದಿ ಸಂಖ್ಯೆ ಓದಿ ಹೇಳಿದರು. ಮೊದಲ ಎರಡು ಕಾರ್ಡ್ ಆಗಲೇ ಖಾಲಿ. ಫೋಟೋ ಕಳಿಸಿದ ಕೆಲವೇ ನಿಮಿಷದಲ್ಲಿ ಬಳಸಿದ್ದರು. ಮೂರನೆಯದರಲ್ಲಿ ಮೊತ್ತ ಪೂರ್ತಿ ಇತ್ತು, ಫೋಟೋ ಅಲುಗಾಡಿದ್ದರಿಂದ ಒಂದೆರಡು ಅಕ್ಷರ ಅವರಿಗೆ ಓದಲು ಆಗಿರಲಿಲ್ಲ. ಕಂಪನಿ ಅದನ್ನು ತಡೆಹಿಡಿಯಿತು, ಸುಮಾರು ಮೂರು ವಾರದ ನಂತರ ಬದಲಿ ಕಾರ್ಡ್ ಕೊಟ್ಟಿತು. ಕೆರೆಯದೇ ಉಳಿದ ಎರಡು ಕಾರ್ಡನ್ನು ಅಂಗಡಿ ವಾಪಸ್ ತೆಗೆದುಕೊಳ್ಳಲಿಲ್ಲ. ಅವನ್ನು ಆಫೀಸಿನ ಸಾಮಾನಿಗೆ ಬಳಸಿದರು. ಕೊನೆಗೆ ನಷ್ಟವಾಗಿದ್ದು ಎರಡು ಕಾರ್ಡ್‌ನಷ್ಟು.

ಬ್ಯಾಂಕ್‌ಗೂ ಹೋದೆವು. ಅದರಿಂದ ಪ್ರಯೋಜನವಾಗಲಿಲ್ಲ. ಪಾವತಿ ಮಾಡಿದವರು ಸ್ವತಃ ಸಹಾಯಕಿ, ಅಂಗಡಿಯವರು ಹೇಳಿದ ವಸ್ತು ಕೊಟ್ಟಿದ್ದಾರೆ, ಹಾಗಾಗಿ ಆ ವ್ಯವಹಾರದಲ್ಲಿ ತಪ್ಪೇನೂ ಇಲ್ಲ ಎಂದರು. ಪೊಲೀಸ್ ದೂರು ಕೊಟ್ಟೆವು. ಅದಕ್ಕೆ ಚಾಟ್‌ನ ಸ್ಕ್ರೀನ್‌ಶಾಟ್‌ಗಳು ಬೇಕಾದವು. ಒಳ್ಳೆಯದಾಯಿತು, ಸಹಾಯಕಿ ಚಾಟ್ ಡಿಲೀಟ್ ಮಾಡುವ ಮುಂಚೆಯೇ ತೆಗೆದಿಟ್ಟಿದ್ದೆವು. ಆ ಕಡೆಯವರು ತಮ್ಮ ಮೆಸೇಜ್‌ಗಳನ್ನು ಎರಡೂ ಕಡೆಯಿಂದ ಅಳಿಸಿಬಿಡಬಹುದು, ಅದಕ್ಕೇ ಸ್ಕ್ರೀನ್‌ಶಾಟ್ ತೆಗೆಯಲು ತಡ ಮಾಡಬಾರದು. ಎರಡು ವಾರ ಕಳೆದ ಮೇಲೆ ಸಹಾಯಕಿಗೆ ಇನ್ನೊಂದು ಫೋನ್ ಬಂತು: 'ನೀವು ಕಳೆದುಕೊಂಡ ಹಣ ವಾಪಸ್ ಕೊಡಿಸುತ್ತೇವೆ, ಮೊದಲು ಸ್ವಲ್ಪ ಶುಲ್ಕ ಕಟ್ಟಿ.' ಒಮ್ಮೆ ಮೋಸ ಹೋದವರನ್ನು ಹುಡುಕಿಕೊಂಡು ಬರುವ ಎರಡನೇ ಮೋಸ ಇದು. ಹೀಗೆ ಬರಬಹುದು ಎಂದು ಮೊದಲೇ ಹೇಳಿದ್ದರಿಂದ ಅವರು ಫೋನ್ ಇಟ್ಟರು.

ಮೇಲ್ ಹೇಗೆ ಒಳಗೆ ಬಂತು

ಸಂಜೆ ಆ ಮೇಲ್‌ನ ಪೂರ್ತಿ ಹೆಡರ್, ಅಂದರೆ ಅದು ಎಲ್ಲಿಂದ ಹೇಗೆ ಬಂತು ಎಂದು ದಾಖಲಾಗಿರುವ ಸಾಲುಗಳನ್ನು, ತೆಗೆದು ನೋಡಿದೆ. ಮುಖ್ಯವಾದ ಸಾಲುಗಳು ಹೀಗಿದ್ದವು. ಹೆಸರು, ವಿಳಾಸ ಬದಲಿಸಿದ್ದೇನೆ.

```
From: "Boss Name" <md.desk.office@example.com>
Subject: Available?
Authentication-Results: spf=pass; dkim=pass; dmarc=pass
```

`From` ಸಾಲಿನಲ್ಲಿ ಎರಡು ಭಾಗ ಇವೆ. ಉದ್ಧರಣ ಚಿಹ್ನೆಯೊಳಗೆ ಇರುವುದು ತೋರಿಸುವ ಹೆಸರು. ಅಲ್ಲಿ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು, ಯಾರೂ ಪರೀಕ್ಷಿಸುವುದಿಲ್ಲ. ಕೋನದ ಚಿಹ್ನೆಯೊಳಗೆ ಇರುವುದು ನಿಜವಾದ ವಿಳಾಸ. ಫೋನ್‌ನ ಮೇಲ್ ಆಪ್‌ಗಳು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ತೋರಿಸುತ್ತವೆ. ಹೆಸರಿನ ಮೇಲೆ ಒತ್ತಿದರೆ ಮಾತ್ರ ಎರಡನೆಯದು ಕಾಣುತ್ತದೆ. ಈ ಮೇಲ್ ಬಂದದ್ದು ಯಾರು ಬೇಕಾದರೂ ತೆರೆಯಬಹುದಾದ ಒಂದು ಉಚಿತ ಇಮೇಲ್ ಖಾತೆಯಿಂದ.

ಇನ್ನು ಆ ಮೂರು `pass`. ನಾನು ಹಾಕಿಕೊಟ್ಟಿದ್ದ ವ್ಯವಸ್ಥೆ ಕೇಳುವ ಪ್ರಶ್ನೆ, 'ಈ ಮೇಲ್ ತಾನು ಹೇಳಿಕೊಳ್ಳುವ ಡೊಮೇನ್‌ನಿಂದಲೇ ಬಂದಿದೆಯಾ?' ಎಂದು. ಈ ಮೇಲ್ ನಿಜವಾಗಿಯೂ ಆ ಉಚಿತ ಇಮೇಲ್ ಸೇವೆಯಿಂದಲೇ ಬಂದಿತ್ತು. ಹಾಗಾಗಿ ಪಾಸ್ ಆಯಿತು. ತೋರಿಸುವ ಹೆಸರು ಯಾರದ್ದು ಎಂದು ಡಿಮಾರ್ಕ್ ನೋಡುವುದೇ ಇಲ್ಲ. ನಮ್ಮ ಆಫೀಸಿನ ಡೊಮೇನನ್ನು ಯಾರೂ ನಕಲು ಮಾಡಿರಲಿಲ್ಲ, ಬಾಸ್ ಹೆಸರನ್ನು ಮಾತ್ರ ಬಳಸಿದ್ದರು. 'ನಿಮ್ಮ ಹೆಸರಿನಲ್ಲಿ ಯಾರೂ ಮೇಲ್ ಕಳಿಸಲು ಆಗುವುದಿಲ್ಲ' ಎಂದು ನಾನು ಹೇಳಿದ್ದು ತಪ್ಪಾದದ್ದು ಇಲ್ಲಿಯೇ. 'ನಿಮ್ಮ ವಿಳಾಸದಿಂದ ಕಳಿಸುವುದು ಕಷ್ಟ, ನಿಮ್ಮ ಹೆಸರಿನಿಂದ ಯಾರು ಬೇಕಾದರೂ ಕಳಿಸಬಹುದು' ಎಂದು ಹೇಳಬೇಕಿತ್ತು. ಮರುದಿನ ಎಂಟೂ ಜನರ ಮುಂದೆ ಇದನ್ನು ಹೇಳಿದೆ.

ನಿರ್ಧಾರಗಳು

ಮೊದಲು ಬಂದದ್ದು ನಷ್ಟ ಯಾರದ್ದು ಎಂಬ ಪ್ರಶ್ನೆ. ಸಹಾಯಕಿ ತಾವೇ ಕಟ್ಟಿಕೊಳ್ಳುತ್ತೇನೆ ಎಂದರು. ಅರ್ಧ ಅರ್ಧ ಎಂದು ಬಾಸ್ ಮೊದಲು ಯೋಚಿಸಿದ್ದರು. ಲೆಕ್ಕ ನೋಡುವವರು ಒಪ್ಪಲಿಲ್ಲ. ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ: 'ಸರ್, ಇವತ್ತು ಅವರು ಇಪ್ಪತ್ತು ನಿಮಿಷ ಹೇಳಲಿಲ್ಲ. ಸಂಬಳದಲ್ಲಿ ಹಿಡಿದರೆ, ಮುಂದೆ ಇಂಥದ್ದಾದಾಗ ಇನ್ನೊಬ್ಬರು ಇಪ್ಪತ್ತು ದಿನ ಹೇಳುವುದಿಲ್ಲ.' ಆಫೀಸೇ ಪೂರ್ತಿ ಕೊಟ್ಟಿತು. ಇದನ್ನು ನಾನು ಬರೀ ಕರುಣೆ ಎಂದು ನೋಡುವುದಿಲ್ಲ. ಕೋಡ್ ಹೋದ ಮೇಲೆ ಉಳಿಯುವ ಹಣವೆಲ್ಲ ಎಷ್ಟು ಬೇಗ ಬಾಯಿಬಿಡುತ್ತಾರೆ ಎಂಬುದರ ಮೇಲೆ ನಿಂತಿದೆ. ಮೂರನೇ ಕಾರ್ಡ್ ಉಳಿದದ್ದು ಅದೃಷ್ಟದಿಂದ, ಅಲುಗಾಡಿದ ಫೋಟೋದಿಂದ.

ಎರಡನೆಯದು, ಇನ್ನು ಮುಂದೆ ಏನು ನಿಯಮ. ಮೇಲ್ ಬಂದರೆ ವಿಳಾಸ ನೋಡಿ ಎಂದು ನಾನು ಮೊದಲು ಒಂದು ಪುಟದ ಸೂಚನೆ ಬರೆದುಕೊಟ್ಟೆ. ಒಂದು ವಾರದ ನಂತರ ಕೇಳಿದರೆ, ಎಲ್ಲರೂ ಮೊದಲ ಎರಡು ದಿನ ನೋಡಿದ್ದರು, ಆಮೇಲೆ ಮರೆತಿದ್ದರು. ದಿನಕ್ಕೆ ಐವತ್ತು ಮೇಲ್ ಬರುವವರು ಐವತ್ತು ಸಲ ಹೆಸರಿನ ಮೇಲೆ ಒತ್ತಿ ನೋಡುವುದಿಲ್ಲ. ಹೊರಗಿನಿಂದ ಬಂದ ಮೇಲ್‌ನ ಮೇಲೆ ಎಚ್ಚರಿಕೆಯ ಪಟ್ಟಿ ಬರುವಂತೆಯೂ ಮಾಡಿದೆ. ಅದು ಎಲ್ಲ ಗ್ರಾಹಕರ ಮೇಲ್‌ಗೂ ಬರತೊಡಗಿತು, ಕಣ್ಣಿಗೆ ರೂಢಿಯಾಯಿತು. ಆಗ ಅದನ್ನು ತೆಗೆದು, ತೋರಿಸುವ ಹೆಸರು ಆಫೀಸಿನ ಯಾರದ್ದೋ ಆಗಿದ್ದು ವಿಳಾಸ ಮಾತ್ರ ಹೊರಗಿನದ್ದಾಗಿದ್ದರೆ ಮಾತ್ರ ಕೆಂಪು ಪಟ್ಟಿ ಬರುವಂತೆ ಬದಲಿಸಿದೆ. ಇದು ಅಪರೂಪಕ್ಕೆ ಬರುತ್ತದೆ, ಬಂದರೆ ನೋಡುತ್ತಾರೆ. ಆದರೆ ವಾಟ್ಸಾಪ್‌ಗೆ ಇದು ಇಲ್ಲ. ಬಾಸ್ ಅವರ ನಿಜವಾದ ಖಾತೆಯ ಪಾಸ್‌ವರ್ಡೇ ಕಳುವಾದರೆ ಇದು ಏನೂ ಮಾಡಲಾರದು, ಆಗ ವಿಳಾಸವೂ ಸರಿಯಾಗಿಯೇ ಇರುತ್ತದೆ.

ಕೊನೆಗೆ ನಿಂತ ನಿಯಮ ಚಿಕ್ಕದು. ಏನಾದರೂ ಕೊಳ್ಳಲು, ಹಣ ಕಳಿಸಲು, ಯಾರದಾದರೂ ಬ್ಯಾಂಕ್ ಖಾತೆ ಬದಲಿಸಲು ಮೆಸೇಜ್‌ನಲ್ಲಿ ಹೇಳಿದರೆ, ಹೇಳಿದವರಿಗೆ ಫೋನ್ ಮಾಡಿ ಕೇಳಬೇಕು. ಮೊದಲೇ ಸೇವ್ ಆಗಿರುವ ನಂಬರ್‌ಗೆ, ನಾವೇ ಡಯಲ್ ಮಾಡಿ. ಆ ಕಡೆಯಿಂದ ಬಂದ ಕರೆ ಲೆಕ್ಕಕ್ಕಿಲ್ಲ, ದನಿ ಅವರದ್ದೇ ಎನಿಸಿದರೂ. ಅವರು ಎತ್ತದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ, ಎಷ್ಟೇ ಅರ್ಜೆಂಟ್ ಇರಲಿ.

ಬಾಸ್‌ಗೆ ಈ ಕೊನೆಯ ಸಾಲು ಕಷ್ಟವಾಯಿತು. 'ನಾನು ಮೀಟಿಂಗ್‌ನಲ್ಲಿದ್ದಾಗ?' ಎಂದರು. ಆಗ ಸಹಾಯಕಿ, ಅಲ್ಲಿಯವರೆಗೆ ಸುಮ್ನೆ ಕೂತಿದ್ದವರು, ಮೆಲ್ಲಗೆ ಹೇಳಿದರು: 'ಸರ್, ಆವತ್ತು ನಿಮಗೆ ಫೋನ್ ಮಾಡಲು ಎರಡು ಸಲ ನಂಬರ್ ತೆಗೆದೆ. ಮೀಟಿಂಗ್‌ನಲ್ಲಿದ್ದಾಗ ಫೋನ್ ಮಾಡಬಾರದು ಅಂತ ಹೇಳಿದ್ದರಲ್ಲ, ಅದಕ್ಕೆ ಬಿಟ್ಟೆ.'

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಈ ಮಾತು. ನಾನು ಹೆಡರ್ ನೋಡಿದೆ, ಫಿಲ್ಟರ್ ನೋಡಿದೆ. ಆದರೆ ಆ ಒಂದು ಫೋನ್ ಕರೆಯನ್ನು ತಡೆದದ್ದು ಆಫೀಸಿನದೇ ಅಭ್ಯಾಸ. ಮೋಸಗಾರ 'ಫೋನ್ ತೆಗೆಯಲು ಆಗುವುದಿಲ್ಲ' ಎಂದು ಬರೆದಾಗ, ಆಫೀಸು ಅವರಿಗೆ ಎರಡು ತಿಂಗಳಿಂದ ಕಲಿಸಿದ್ದನ್ನೇ ಬರೆದಿದ್ದ. ಬಾಸ್ ಆ ದಿನವೇ ನಿಯಮಕ್ಕೆ ಸಹಿ ಹಾಕಿದರು. ಖಾತ್ರಿ ಮಾಡಿಕೊಳ್ಳಲು ಬಂದ ಕರೆಗೆ ಯಾರನ್ನೂ ಬೈಯುವುದಿಲ್ಲ ಎಂಬ ಸಾಲನ್ನು ತಾವೇ ಸೇರಿಸಿದರು.

ಆಮೇಲೆ

ಮೂರು ತಿಂಗಳ ನಂತರ ಮೋಸದ ಇನ್ನೊಂದು ಮೇಲ್ ಬಂತು. ಈ ಸಲ ಲೆಕ್ಕ ನೋಡುವವರಿಗೆ, ಒಬ್ಬ ಉದ್ಯೋಗಿಯ ಹೆಸರಿನಲ್ಲಿ. 'ನನ್ನ ಸಂಬಳದ ಖಾತೆ ಬದಲಾಗಿದೆ, ಈ ತಿಂಗಳಿಂದ ಇದಕ್ಕೆ ಹಾಕಿ.' ಕೆಂಪು ಪಟ್ಟಿ ಕಂಡಿತು. ಅವರು ಎದ್ದು ಎರಡು ಮೇಜು ದಾಟಿ ಆ ಉದ್ಯೋಗಿಯನ್ನೇ ಕೇಳಿದರು. ಅಲ್ಲಿಗೆ ಮುಗಿಯಿತು.

ನಿಯಮಕ್ಕೆ ನಿಜವಾದ ಪರೀಕ್ಷೆ ಬಂದದ್ದು ಬೇರೆ ದಿನ, ಅದರಲ್ಲಿ ಮೋಸವೇ ಇರಲಿಲ್ಲ. ಬಾಸ್ ಪ್ರಯಾಣದಲ್ಲಿದ್ದರು. ಒಂದು ಸಾಫ್ಟ್‌ವೇರ್‌ನ ಪರವಾನಗಿಯನ್ನು ಇವತ್ತೇ ಕೊಳ್ಳಬೇಕು, ರಿಯಾಯಿತಿ ರಾತ್ರಿಗೆ ಮುಗಿಯುತ್ತದೆ ಎಂದು ಅವರೇ ತಮ್ಮ ನಿಜವಾದ ವಿಳಾಸದಿಂದ ಸಹಾಯಕಿಗೆ ಮೇಲ್ ಮಾಡಿದರು. ಸಹಾಯಕಿ ಸೇವ್ ಆಗಿದ್ದ ನಂಬರ್‌ಗೆ ಫೋನ್ ಮಾಡಿದರು. ಬಾಸ್ ಎತ್ತಲಿಲ್ಲ. ಸಂಜೆ ಮತ್ತೆ ಮಾಡಿದರು, ಆಗಲೂ ಎತ್ತಲಿಲ್ಲ. 'ಎರಡು ಸಲ ಫೋನ್ ಮಾಡಿದೆ ಸರ್, ನೀವು ಮಾತಾಡಿದ ಮೇಲೆ ಕೊಳ್ಳುತ್ತೇನೆ' ಎಂದು ಬರೆದು ಮನೆಗೆ ಹೋದರು. ರಿಯಾಯಿತಿ ತಪ್ಪಿತು.

ಮರುದಿನ ಬೆಳಿಗ್ಗೆ ಅವರು ಆಫೀಸಿಗೆ ಬರುವಷ್ಟರಲ್ಲಿ ಬಾಸ್ ಫೋನ್ ಬಂತು. ಸಹಾಯಕಿ ಎತ್ತಲಿಲ್ಲ. ಅದು ನಿಂತ ಮೇಲೆ ತಾವೇ ಆ ನಂಬರ್‌ಗೆ ವಾಪಸ್ ಮಾಡಿದರು. 'ಹೇಳಿ ಸರ್' ಎಂದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಬಾಸ್, 'ನಿನ್ನೆ ನಾನು ಎತ್ತಬೇಕಿತ್ತು. ಪೂರ್ತಿ ಬೆಲೆಗೇ ಕೊಂಡುಬಿಡಿ' ಎಂದರು.